ಲೆಕ್ಕಪತ್ರದಿಂದ ದತ್ತಾಂಶ ವಿಶ್ಲೇಷಣೆಗೆ: ಲಿಂಕ್ಡ್‌ಇನ್ ಪರಿಚಯವನ್ನು ಹೊಸದಾಗಿ ಬರೆಯುವ ಕ್ರಮ

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮತ್ತು ಪೈಪುಗಳ ಸಗಟು ವ್ಯಾಪಾರ ಮಾಡುವ ಸಂಸ್ಥೆಯೊಂದರಲ್ಲಿ 16 ವರ್ಷಗಳಿಂದ ಲೆಕ್ಕ ನೋಡಿಕೊಳ್ಳುತ್ತಿರುವ ನನ್ನ ಪರಿಚಿತರೊಬ್ಬರು, ತಮ್ಮ ಲಿಂಕ್ಡ್‌ಇನ್ ಪುಟದ ಪರಿಚಯವನ್ನು ತಿದ್ದಿಕೊಡಲು ಕೇಳಿಕೊಂಡು ಬಂದಿದ್ದರು. ದತ್ತಾಂಶ ವಿಶ್ಲೇಷಣೆಯ ಕೆಲಸಕ್ಕೆ ಹೋಗಬೇಕೆಂದು ಅವರು ಒಂದೂವರೆ ವರ್ಷ ಸಂಜೆಯ ಹೊತ್ತಿನಲ್ಲಿ ಕುಳಿತು ಕಲಿತಿದ್ದರು. ಆದರೂ ಅವರಿಗೆ ಬರುತ್ತಿದ್ದ ಕರೆಗಳೆಲ್ಲ ಅಕೌಂಟೆಂಟ್ ಹುದ್ದೆಗೇ ಆಗಿದ್ದವು. ಅವರ ಪರಿಚಯವನ್ನು ನಾವಿಬ್ಬರೂ ನಾಲ್ಕು ಭಾನುವಾರ ಕುಳಿತು ಹೇಗೆ ಬದಲಿಸಿದೆವು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಸಂಸ್ಥೆಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತಿದ್ದುವ ಮೊದಲು

ಹಳೆಯ ಪರಿಚಯವನ್ನು ಒಂದು ಕಡತದಲ್ಲಿ ನಕಲು ಮಾಡಿಟ್ಟುಕೊಳ್ಳಿ. ಲಿಂಕ್ಡ್‌ಇನ್ ನಿಮ್ಮ ಹಳೆಯ ಪಠ್ಯವನ್ನು ಮರಳಿ ಕೊಡುವುದಿಲ್ಲ. ಹುದ್ದೆಯ ವಿವರಗಳನ್ನು ತಿದ್ದುವಾಗ ಕಾಣಿಸುವ `Notify network` ಗುಂಡಿಯನ್ನು ಆರಿಸಿಡಿ. ಕೆಲಸ ಹುಡುಕುತ್ತಿರುವುದನ್ನು ಸೂಚಿಸುವ `Open to work` ಅನ್ನು ಬಳಸುವುದಾದರೆ, ಎಲ್ಲರಿಗೂ ಕಾಣುವ ಹಸಿರು ಪಟ್ಟಿಯ ಬದಲು ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವ ಆಯ್ಕೆಯನ್ನು ಹಿಡಿಯಿರಿ. ಆ ಆಯ್ಕೆಯೂ ಪೂರ್ಣ ಗುಟ್ಟಲ್ಲ. ನಿಮ್ಮ ಈಗಿನ ಸಂಸ್ಥೆಯ ನೇಮಕಾತಿ ವಿಭಾಗದವರಿಗೆ ಅದು ಕಾಣದಂತೆ ಪ್ರಯತ್ನಿಸುವುದಾಗಿ ಲಿಂಕ್ಡ್‌ಇನ್ ಹೇಳುತ್ತದೆಯೇ ಹೊರತು ಖಾತರಿ ಕೊಡುವುದಿಲ್ಲ. ಹುಬ್ಬಳ್ಳಿ-ಧಾರವಾಡದಂತಹ ಊರಿನಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವವರು ಯಾರೆಂಬುದು ಇನ್ನೊಂದು ಅಂಗಡಿಯ ಮಾಲಕರಿಗೆ ಗೊತ್ತಿರುತ್ತದೆ. ಆದುದರಿಂದ, ಮಾಲಕರ ಮುಂದೆ ಹೇಳಲಾಗದ ಯಾವ ಮಾತನ್ನೂ ಪರಿಚಯದಲ್ಲಿ ಬರೆಯಬಾರದು ಎಂಬ ನಿಯಮವನ್ನು ನಾವು ಮೊದಲೇ ಹಾಕಿಕೊಂಡೆವು.

ಹಳೆಯ ಪರಿಚಯ ಎಲ್ಲಿ ತಪ್ಪುತ್ತಿತ್ತು

ಅವರು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ ಪರಿಚಯದ ಸಾರ ಹೀಗಿತ್ತು: “16 ವರ್ಷಗಳ ಅನುಭವವುಳ್ಳ ನಿಷ್ಠಾವಂತ ಅಕೌಂಟೆಂಟ್. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ತಾಳೆ, ವರ್ಷಾಂತ್ಯದ ಲೆಕ್ಕ ಮತ್ತು ಆಡಿಟ್ ಕೆಲಸಗಳ ಜವಾಬ್ದಾರಿ ಹೊತ್ತಿದ್ದೇನೆ. ಈಗ ಡೇಟಾ ಅನಾಲಿಟಿಕ್ಸ್ ಕ್ಷೇತ್ರದಲ್ಲಿ ಅವಕಾಶ ಹುಡುಕುತ್ತಿದ್ದೇನೆ. ಬೇಗ ಕಲಿಯುವ, ಪರಿಶ್ರಮಪಡುವ ಸ್ವಭಾವದವನು.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನೇಮಕಾತಿ ಮಾಡುವವರು ಓದುವಂತೆ ಓದಿದರೆ, ಇಲ್ಲಿ ಸಾಧಿಸಿ ತೋರಿಸಿದ ಕೆಲಸಗಳೆಲ್ಲ ಲೆಕ್ಕಪತ್ರದವು ಮತ್ತು ವಿಶ್ಲೇಷಣೆ ಎಂಬುದು ಕೇವಲ ಆಸೆಯಾಗಿ ಕೊನೆಯಲ್ಲಿ ಬರುತ್ತದೆ. ಹೀಗಿರುವಾಗ ಓದುವವರು ಆಸೆಯನ್ನು ಬಿಟ್ಟು ಅನುಭವವನ್ನೇ ನಂಬಿ ಅಕೌಂಟೆಂಟ್ ಹುದ್ದೆಗೆ ಕರೆಯುವುದು ಸಹಜ. ಇದಕ್ಕೆ ಪರಿಹಾರವೆಂದು ಹಲವರು ಲೆಕ್ಕಪತ್ರದ ವರ್ಷಗಳನ್ನೇ ಮರೆಮಾಡಿ, ಕಲಿತ ಕೋರ್ಸುಗಳ ಪಟ್ಟಿಯನ್ನು ಮುಂದಿಡುತ್ತಾರೆ. ಅದು ಇನ್ನೂ ಕೆಟ್ಟ ದಾರಿ ಎಂದು ನನ್ನ ಅಭಿಪ್ರಾಯ. ಏಕೆಂದರೆ ಅದೇ ಕೋರ್ಸುಗಳನ್ನು ಮುಗಿಸಿದ 22 ವರ್ಷದವರ ಸಾಲಿನಲ್ಲಿ 40 ದಾಟಿದವರು ಹೋಗಿ ನಿಂತಂತಾಗುತ್ತದೆ. ಆ 22 ವರ್ಷದವರಲ್ಲಿ ಇಲ್ಲದೆ ನಿಮ್ಮಲ್ಲಿ ಇರುವುದು ಲೆಕ್ಕಪತ್ರದ ಆ ವರ್ಷಗಳೇ.

ಒಂದೇ ಒಂದು ಕೆಲಸವನ್ನು ಆರಿಸುವುದು

ಬರೆಯಲು ಕೂರುವ ಮೊದಲು ಕಳೆದ ಮೂರು ವರ್ಷಗಳ ಕೆಲಸವನ್ನು ನೆನಪಿಸಿಕೊಂಡು ಕಾಗದದ ಮೇಲೆ ಇಳಿಸಿ. ಪ್ರತಿಯೊಂದು ಕೆಲಸಕ್ಕೂ ನಾಲ್ಕು ಪ್ರಶ್ನೆಗಳನ್ನು ಹಾಕಿ: ಯಾರು ಏನನ್ನು ತಿಳಿಯಬೇಕೆಂದಿದ್ದರು? ಅದಕ್ಕೆ ಬೇಕಾದ ದತ್ತಾಂಶ ಎಲ್ಲಿ, ಯಾವ ಸ್ಥಿತಿಯಲ್ಲಿತ್ತು? ಅದನ್ನು ನೀವು ಏನು ಮಾಡಿದಿರಿ? ನೀವು ತೋರಿಸಿದ ಉತ್ತರದಿಂದ ಯಾವ ನಿರ್ಧಾರ ಬದಲಾಯಿತು?

ಈ ನಾಲ್ಕನೆಯ ಪ್ರಶ್ನೆಯೇ ಜರಡಿ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದು, ಆಡಿಟ್‌ನಲ್ಲಿ ಆಕ್ಷೇಪ ಬಾರದಂತೆ ನೋಡಿಕೊಂಡದ್ದು ಒಳ್ಳೆಯ ಲೆಕ್ಕಿಗರ ಕೆಲಸ ನಿಜ. ಆದರೆ ಅದರಿಂದ ಯಾರ ನಿರ್ಧಾರವೂ ಬದಲಾಗುವುದಿಲ್ಲ, ಆದ್ದರಿಂದ ಅದು ವಿಶ್ಲೇಷಣೆಯ ಪುರಾವೆಯಾಗುವುದಿಲ್ಲ. ನನ್ನ ಪರಿಚಿತರು ಬರೆದಿದ್ದ ಹದಿನಾಲ್ಕು ಕೆಲಸಗಳಲ್ಲಿ ಈ ಜರಡಿಯಲ್ಲಿ ಉಳಿದವು ಎರಡು. ಒಂದು, ಗದಗ ಮತ್ತು ಹಾವೇರಿ ಕಡೆಯ ಡೀಲರುಗಳಿಂದ ಬರಬೇಕಾದ ಬಾಕಿಯನ್ನು ದಿನಗಳ ಪ್ರಕಾರ ವಿಂಗಡಿಸಿದ್ದು. ಇನ್ನೊಂದು, ಖರೀದಿಯ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ಹಾಕಿದ್ದು. ಎರಡನೆಯದನ್ನು ಅವರು ಪಟ್ಟಿಯ ಕೊನೆಯಲ್ಲಿ, ಬರೆಯಲೋ ಬೇಡವೋ ಎಂಬಂತೆ ಬರೆದಿದ್ದರು. ನಾವು ಆರಿಸಿದ್ದು ಅದನ್ನೇ.

ಆ ಕೆಲಸದ ಒಳಗೆ ಇದ್ದ ವಿಶ್ಲೇಷಣೆ

ಜಿಎಸ್‌ಟಿಆರ್-2ಬಿ ಎಂದರೆ, ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳ ಆಧಾರದ ಮೇಲೆ ಕೊಂಡವರಿಗೆ ಪ್ರತಿ ತಿಂಗಳ 14ರಂದು ಸಿದ್ಧವಾಗುವ ವಿವರಪಟ್ಟಿ. ಕೊಂಡವರ ವಹಿಯಲ್ಲಿ ಬಿಲ್ಲು ಇದ್ದು ಈ ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ಬಿಲ್ಲಿನ ತೆರಿಗೆಯ ಕ್ರೆಡಿಟ್ ಆ ತಿಂಗಳು ಸಿಗುವುದಿಲ್ಲ. ಅವರ ಸಂಸ್ಥೆಗೆ ತಿಂಗಳಿಗೆ ಸುಮಾರು 900 ಖರೀದಿ ಬಿಲ್ಲುಗಳು, ಸುಮಾರು 160 ಪೂರೈಕೆದಾರರಿಂದ ಬರುತ್ತಿದ್ದವು. ಅವುಗಳನ್ನು ಎಕ್ಸೆಲ್‌ನಲ್ಲಿ ಕಣ್ಣಳತೆಯಿಂದ ತಾಳೆ ಹಾಕಲು ನಾಲ್ಕು ದಿನ ಹಿಡಿಯುತ್ತಿತ್ತು. ಒಂದು ದಿನ ಮಾಲಕರು, “ತಾಳೆ ಹಾಕಿದ್ದು ಸರಿರೀ, ಪ್ರತಿ ತಿಂಗಳ ನಮ್ಮ ರೊಕ್ಕ ಯಾರ ಕಡೆ ಸಿಕ್ಕೊಂಡ ಕುಂದರತೈತಿ, ಅದನ್ನಷ್ಟ ಹೇಳ್ರಿ” ಎಂದರಂತೆ. ಲೆಕ್ಕದ ಕೆಲಸ ವಿಶ್ಲೇಷಣೆಯ ಪ್ರಶ್ನೆಯಾದದ್ದು ಆ ಮಾತಿನಲ್ಲಿ. ತಾಳೆ ಹಾಕುವವರು ಯಾವ ಬಿಲ್ಲು ಹೊಂದುವುದಿಲ್ಲ ಎಂದು ನೋಡುತ್ತಾರೆ. ಮಾಲಕರು ಕೇಳಿದ್ದು ಹೊಂದದೆ ಇರುವುದಕ್ಕೆ ಕಾರಣವೇನು ಮತ್ತು ಅದು ಎಲ್ಲಿ ಗುಂಪಾಗಿದೆ ಎಂಬುದನ್ನು.

ಉತ್ತರ ಹುಡುಕುವಾಗ ಅವರಿಗೆ ಮೊದಲು ಎದುರಾದದ್ದು ಬಿಲ್ಲಿನ ಸಂಖ್ಯೆಯ ತೊಡಕು. ಪೂರೈಕೆದಾರರು ರಿಟರ್ನಿನಲ್ಲಿ `VP/0457/22-23` ಎಂದು ಕೊಟ್ಟಿದ್ದನ್ನು ಅಂಗಡಿಯ ವಹಿಯಲ್ಲಿ `457` ಎಂದಷ್ಟೇ ಬರೆದಿದ್ದರು. ಕೆಲವು ಕಡೆ ಸಂಖ್ಯೆಯ ಕೊನೆಯಲ್ಲಿ ಕಾಣದ ಖಾಲಿ ಜಾಗವಿತ್ತು. ಎಕ್ಸೆಲ್‌ನಲ್ಲಿ ದತ್ತಾಂಶವನ್ನು ಶುದ್ಧಗೊಳಿಸುವ ಉಪಕರಣವಾದ ಪವರ್ ಕ್ವೆರಿಯಲ್ಲಿ ಅವರು ಈ ಸಂಖ್ಯೆಗಳನ್ನು ಒಂದೇ ರೂಪಕ್ಕೆ ತಂದರು. ಬಿಲ್ಲಿನ ಸಂಖ್ಯೆ ಪ್ರತಿ ಆರ್ಥಿಕ ವರ್ಷದಲ್ಲಿ ಮತ್ತೆ ಒಂದರಿಂದ ಶುರುವಾಗುವ ಕಾರಣ ಸಂಖ್ಯೆಯೊಂದನ್ನೇ ನಂಬದೆ, ಪೂರೈಕೆದಾರರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಮತ್ತು ಆರ್ಥಿಕ ವರ್ಷವನ್ನೂ ಸೇರಿಸಿ ಹೊಂದಿಸಿದರು. ಆಮೇಲೂ ಹೊಂದದೆ ಉಳಿದ ಬಿಲ್ಲುಗಳನ್ನು ಕಾರಣದ ಪ್ರಕಾರ ವಿಂಗಡಿಸಿದಾಗ, ಸಿಕ್ಕಿಕೊಂಡಿದ್ದ ತೆರಿಗೆಯ ಬಹುಪಾಲು 11 ಪೂರೈಕೆದಾರರ ಬಳಿ ಇರುವುದು ತಿಳಿಯಿತು. ಅವರಲ್ಲಿ ಹೆಚ್ಚಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಣ್ಣ ವ್ಯಾಪಾರಿಗಳು. ವಹಿವಾಟು 5 ಕೋಟಿ ರೂಪಾಯಿಯ ಒಳಗಿರುವವರಿಗೆ ಹಾಗೆ ಸಲ್ಲಿಸಲು ಅವಕಾಶವಿದೆ. ನಡುವಿನ ಎರಡು ತಿಂಗಳುಗಳಲ್ಲಿಯೂ ಬಿಲ್ಲುಗಳನ್ನು ಸೇರಿಸುವ ಐಚ್ಛಿಕ ಸೌಲಭ್ಯವಿದೆ, ಆದರೆ ಅದನ್ನು ಅವರು ಬಳಸುತ್ತಿರಲಿಲ್ಲ. ಅಂದರೆ ಅವರು ಮೋಸಗಾರರಲ್ಲ, ತಡವಾಗಿ ಸಲ್ಲಿಸುವವರು. ಇದು ತಿಳಿದ ಮೇಲೆ ಮಾಲಕರು ಅವರೊಂದಿಗಿನ ವ್ಯಾಪಾರವನ್ನು ನಿಲ್ಲಿಸುವ ಯೋಚನೆಯನ್ನು ಬಿಟ್ಟು, ಬಿಲ್ಲು 2ಬಿಯಲ್ಲಿ ಕಾಣಿಸಿದ ಮೇಲೆ ತೆರಿಗೆಯ ಭಾಗದ ಹಣ ಕೊಡುವ ಷರತ್ತನ್ನು ಆ ಹನ್ನೊಂದು ಜನರಿಗೆ ಹಾಕಿದರು.

ಪ್ರಶ್ನೆ, ದತ್ತಾಂಶದ ಶುದ್ಧೀಕರಣ, ಎರಡು ಪಟ್ಟಿಗಳ ಜೋಡಣೆ, ಕಾರಣಗಳ ವಿಂಗಡಣೆ, ನಿರ್ಧಾರ, ಇವೆಲ್ಲ ಒಂದೇ ಕೆಲಸದಲ್ಲಿ ಇವೆ. ಹಳೆಯ ಪರಿಚಯದಲ್ಲಿ ಇದೆಲ್ಲ “ಜಿಎಸ್‌ಟಿ ರಿಟರ್ನ್” ಎಂಬ ಒಂದು ಪದದ ಕೆಳಗೆ ಹೂತು ಹೋಗಿತ್ತು.

ಅಂಕಿಗಳನ್ನು ತೂಗುವುದು

ಮೊದಲ ಕರಡಿನಲ್ಲಿ ಅವರು “ಸಿಕ್ಕಿಕೊಂಡ ಕ್ರೆಡಿಟ್ ಅನ್ನು 60% ಇಳಿಸಿದೆ” ಎಂದು ಬರೆದರು. ಅಂಕಿ ಅವರ ವಹಿಗಳಿಂದಲೇ ಬಂದದ್ದು, 2021 ಮತ್ತು 2023ರ ಹೋಲಿಕೆ. ಆದರೂ ನಾನು ಅದನ್ನು ತೆಗೆಸಿದೆ. 2022ರ ಜನವರಿ 1ರಿಂದ, 2ಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಪಡೆಯುವ ಅವಕಾಶವೇ ನಿಂತುಹೋಯಿತು, ಅದಕ್ಕೂ ಹಿಂದೆ 5% ವರೆಗೆ ಸಡಿಲಿಕೆಯಿತ್ತು. ನಿಯಮ ಬಿಗಿಯಾದ ಮೇಲೆ ಕೊಳ್ಳುವವರೆಲ್ಲರೂ ಪೂರೈಕೆದಾರರ ಮೇಲೆ ಒತ್ತಡ ಹಾಕಿರುತ್ತಾರೆ, ಪೂರೈಕೆದಾರರೂ ತಾವಾಗಿಯೇ ಬೇಗ ಸಲ್ಲಿಸತೊಡಗಿರುತ್ತಾರೆ. ಆ 60%ರಲ್ಲಿ ನಿಯಮದ ಪಾಲು ಎಷ್ಟು, ಇವರ ಕೆಲಸದ ಪಾಲು ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ವಿಶ್ಲೇಷಕರ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಯೇ ಇದಾಗಬಹುದು. ಅದಕ್ಕೆ ಉತ್ತರವಿಲ್ಲದೆ ಹೋದರೆ ಉಳಿದ ಪರಿಚಯದ ಮೇಲಿನ ನಂಬಿಕೆಯೂ ಹೋಗುತ್ತದೆ.

ಅದರ ಬದಲು ನಾವು ಉಳಿಸಿಕೊಂಡದ್ದು ಸಮಯದ ಅಂಕಿಯನ್ನು. ನಾಲ್ಕು ದಿನದ ತಾಳೆ ಅರ್ಧ ದಿನಕ್ಕೆ ಇಳಿದದ್ದಕ್ಕೆ ಬೇರೆ ಕಾರಣವಿರಲಿಲ್ಲ, ಬಿಲ್ಲುಗಳ ಸಂಖ್ಯೆಯೂ ಕಡಿಮೆಯಾಗಿರಲಿಲ್ಲ. ನಿಮ್ಮ ಪ್ರತಿ ಅಂಕಿಗೂ ಇದೇ ಪರೀಕ್ಷೆ ಮಾಡಿ: ನೀವು ಏನೂ ಮಾಡದೆ ಇದ್ದಿದ್ದರೂ ಈ ಅಂಕಿ ಇಷ್ಟೇ ಬದಲಾಗುತ್ತಿತ್ತೇ?

ಇನ್ನೊಂದು ತೂಕ ಗೌಪ್ಯತೆಯದು. ಬಿಲ್ಲುಗಳ ಅಂದಾಜು ಸಂಖ್ಯೆ, ಹಿಡಿದ ಸಮಯ, ಪೂರೈಕೆದಾರರ ಎಣಿಕೆ ಇವುಗಳನ್ನು ಬರೆಯಬಹುದು. ಸಂಸ್ಥೆಯ ವಹಿವಾಟು, ಸಿಕ್ಕಿಕೊಂಡ ಮೊತ್ತ, ಪೂರೈಕೆದಾರರ ಹೆಸರು ಇವು ಮಾಲಕರ ಸ್ವತ್ತು, ನಿಮ್ಮವಲ್ಲ. ಕೆಲಸದ ಮಾದರಿಯನ್ನು ತೋರಿಸಬೇಕೆಂದಿದ್ದರೆ ಸಂಸ್ಥೆಯ ಕಡತದಲ್ಲಿ ಹೆಸರು ಅಳಿಸಿ ಬಳಸಬೇಡಿ. ಜಿಎಸ್‌ಟಿ ಸಂಖ್ಯೆಯ 3ರಿಂದ 12ನೆಯ ಅಕ್ಷರದವರೆಗಿನ ಭಾಗ ಪ್ಯಾನ್ ಸಂಖ್ಯೆಯೇ ಆಗಿರುವುದರಿಂದ, ಹೆಸರು ಹೋದರೂ ಗುರುತು ಉಳಿಯುತ್ತದೆ. 200 ಸಾಲುಗಳ ಕಲ್ಪಿತ ಕಡತವನ್ನು ನೀವೇ ತಯಾರಿಸಿ ಅದರ ಮೇಲೆ ಮಾಡಿ ತೋರಿಸಿ.

ಉಪಕರಣಗಳ ಹೆಸರು ಬರೆಯುವ ಮೊದಲು

SQL ಎಂದು ಪರಿಚಯದಲ್ಲಿ ಬರೆದರೆ ನೇಮಕಾತಿಯವರ ಹುಡುಕಾಟದಲ್ಲಿ ನಿಮ್ಮ ಪುಟ ಸಿಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಒಂದು ಅಳತೆ ಇರಬೇಕು. ನಾವು ಇಟ್ಟುಕೊಂಡ ಅಳತೆ ಹೀಗಿದೆ: ಪರಿಚಯದಲ್ಲಿ ಹೇಳಿದ ಅದೇ ಕೆಲಸವನ್ನು, ಎಲ್ಲಿಯೂ ನೋಡದೆ, ಆ ಉಪಕರಣದಲ್ಲಿ ಮಾಡಲು ಬರಬೇಕು. ಅವರ ವಿಷಯದಲ್ಲಿ ಅದು 2ಬಿಯಲ್ಲಿ ಇಲ್ಲದ ಬಿಲ್ಲುಗಳ ತೆರಿಗೆಯನ್ನು ಪೂರೈಕೆದಾರರ ಪ್ರಕಾರ ಕೂಡಿ ತೋರಿಸುವುದು.

```sql
SELECT p.gstin, SUM(p.tax) AS pending_tax
FROM purchases p
LEFT JOIN gstr2b g
  ON p.gstin = g.gstin
 AND p.inv_key = g.inv_key
WHERE g.inv_key IS NULL
GROUP BY p.gstin
ORDER BY pending_tax DESC;
```

ಇಲ್ಲಿ `inv_key` ಎಂಬುದು ಒಂದೇ ರೂಪಕ್ಕೆ ತಂದ ಬಿಲ್ಲಿನ ಸಂಖ್ಯೆ ಮತ್ತು ಆರ್ಥಿಕ ವರ್ಷ ಸೇರಿದ ಅಂಕಣ. ಇದನ್ನು ಬರೆದು, `LEFT JOIN` ಬದಲಿಗೆ `INNER JOIN` ಹಾಕಿದರೆ ಏಕೆ ಒಂದು ಸಾಲೂ ಬರುವುದಿಲ್ಲ ಎಂದು ವಿವರಿಸಲು ಸಾಧ್ಯವಾದ ಮೇಲೆಯೇ ಅವರು SQL ಅನ್ನು ಸೇರಿಸಿದರು. ಪೈಥಾನ್ ಕೋರ್ಸನ್ನು ಅವರು ಮುಗಿಸಿದ್ದರೂ ಈ ಅಳತೆಗೆ ಅದು ನಿಲ್ಲಲಿಲ್ಲ. ಅದನ್ನು ಕಲಿಯುತ್ತಿರುವುದಾಗಿಯೂ ಬರೆಯದೆ ಬಿಟ್ಟೆವು. ಕೋರ್ಸಿನ ಪ್ರಮಾಣಪತ್ರಕ್ಕೆ ಪುಟದಲ್ಲಿ ಬೇರೆ ಜಾಗವಿದೆ.

ಮೊದಲ ಮೂರು ಸಾಲು, ನಂತರ ಉಳಿದದ್ದು

ಲಿಂಕ್ಡ್‌ಇನ್‌ನ `About` ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು. ಆದರೆ ಓದುವವರಿಗೆ ಮೊದಲು ಕಾಣುವುದು ಕೆಲವೇ ಸಾಲುಗಳು, ಉಳಿದದ್ದು ಅವರು ಒತ್ತಿದರೆ ಮಾತ್ರ ತೆರೆಯುತ್ತದೆ. ಆದ್ದರಿಂದ ಅನುಭವದ ವರ್ಷಗಳಿಂದಾಗಲಿ ಸ್ವಭಾವದ ವರ್ಣನೆಯಿಂದಾಗಲಿ ಆರಂಭಿಸದೆ, ಯಾವ ಬಗೆಯ ಪ್ರಶ್ನೆಗೆ ನೀವು ಉತ್ತರ ಹುಡುಕುತ್ತೀರಿ ಎಂಬುದರಿಂದಲೇ ಆರಂಭಿಸಬೇಕು. ಹೆಸರಿನ ಕೆಳಗಿನ ಶೀರ್ಷಿಕೆಗೆ 220 ಅಕ್ಷರಗಳ ಮಿತಿಯಿದೆ. ಅಲ್ಲಿ ಈಗಿನ ಹುದ್ದೆಯನ್ನು ಉಳಿಸಿಕೊಂಡೇ “ಹಿರಿಯ ಅಕೌಂಟೆಂಟ್, ಖರೀದಿ ಮತ್ತು ಜಿಎಸ್‌ಟಿ ದತ್ತಾಂಶದ ವಿಶ್ಲೇಷಣೆ, SQL, Power Query, Power BI” ಎಂಬ ಅರ್ಥದ ಸಾಲನ್ನು ಹಾಕಿದೆವು. ಇನ್ನೂ ದೊರೆಯದ ಹುದ್ದೆಯನ್ನು ಶೀರ್ಷಿಕೆಯಲ್ಲಿ ಧರಿಸಿಕೊಳ್ಳುವುದು ತಪ್ಪು. “ಆಗಬಯಸುವ ಅನಲಿಸ್ಟ್” ಎಂದು ಬರೆಯುವುದೂ ಬೇಡ, ಅದು 16 ವರ್ಷಗಳನ್ನು ಒಂದೇ ಪದದಲ್ಲಿ ಸೊನ್ನೆ ಮಾಡುತ್ತದೆ.

ಪುಟದಲ್ಲಿ ಹಾಕುವುದು ಇಂಗ್ಲಿಷಿನಲ್ಲಿಯೇ ಆದರೂ ಕರಡನ್ನು ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿ ಆರಂಭಿಸಿದರೆ ಕೈ ತಾನಾಗಿಯೇ ಬಯೋಡೇಟಾಗಳ ಸವಕಲು ಮಾತುಗಳ ಕಡೆಗೆ ಹೋಗುತ್ತದೆ. ಕನ್ನಡದ ಕ್ರಿಯಾಪದ ಮಾಡಿದವರು ಯಾರೆಂದು ಹೇಳಿಯೇ ತೀರುತ್ತದೆ. “ಹೊಂದಿಸಿದೆ”, “ವಿಂಗಡಿಸಿದೆ”, “ತೋರಿಸಿದೆ” ಎಂದು ಬರೆದಾಗ ನೀವು ಮಾಡದ ಕೆಲಸ ಅಲ್ಲಿ ನುಸುಳಲಾರದು. ಅವರ ಕೊನೆಯ ಕರಡು ಹೀಗಿತ್ತು:

> ಸಂಸ್ಥೆಯ ಹಣ ಎಲ್ಲಿ ಮತ್ತು ಏಕೆ ತಡೆದು ನಿಲ್ಲುತ್ತದೆ ಎಂಬ ಪ್ರಶ್ನೆಗೆ ಬಿಲ್ಲುಗಳ ದತ್ತಾಂಶದಿಂದ ಉತ್ತರ ಹುಡುಕುತ್ತೇನೆ. ಲೆಕ್ಕಪತ್ರದಲ್ಲಿ 16 ವರ್ಷ ಕೆಲಸ ಮಾಡಿರುವುದರಿಂದ ಆ ಅಂಕಿಗಳು ಹೇಗೆ ಹುಟ್ಟುತ್ತವೆ, ಎಲ್ಲಿ ತಪ್ಪುತ್ತವೆ ಎಂಬುದು ನನಗೆ ಗೊತ್ತು.
>
> ಒಂದು ಉದಾಹರಣೆ: ನಮ್ಮ ಸಂಸ್ಥೆಗೆ ತಿಂಗಳಿಗೆ ಸುಮಾರು 900 ಖರೀದಿ ಬಿಲ್ಲುಗಳು ಬರುತ್ತವೆ. ಯಾವ ಪೂರೈಕೆದಾರರ ಬಳಿ ನಮ್ಮ ತೆರಿಗೆ ಕ್ರೆಡಿಟ್ ಸಿಕ್ಕಿಕೊಳ್ಳುತ್ತದೆ ಎಂದು ಮಾಲಕರು ಕೇಳಿದಾಗ, ಬೇರೆ ಬೇರೆ ರೂಪದಲ್ಲಿದ್ದ ಬಿಲ್ಲಿನ ಸಂಖ್ಯೆಗಳನ್ನು Power Queryಯಲ್ಲಿ ಒಂದೇ ರೂಪಕ್ಕೆ ತಂದು, ಖರೀದಿ ವಹಿಯನ್ನು ಜಿಎಸ್‌ಟಿಆರ್-2ಬಿ ಜೊತೆ ಹೊಂದಿಸಿದೆ. ಹೊಂದದೆ ಉಳಿದವನ್ನು ಕಾರಣದ ಪ್ರಕಾರ ವಿಂಗಡಿಸಿದೆ. ಸುಮಾರು 160 ಪೂರೈಕೆದಾರರಲ್ಲಿ 11 ಜನರಿಂದಲೇ ಹೆಚ್ಚಿನ ಪಾಲು ತಡವಾಗುತ್ತಿದೆ ಎಂದು ತೋರಿಸಿದೆ. ಅವರಿಗೆ ಹಣ ಕೊಡುವ ಷರತ್ತನ್ನು ಸಂಸ್ಥೆ ಬದಲಿಸಿತು. ನಾಲ್ಕು ದಿನ ಹಿಡಿಯುತ್ತಿದ್ದ ತಾಳೆ ಈಗ ಅರ್ಧ ದಿನದಲ್ಲಿ ಮುಗಿಯುತ್ತದೆ.
>
> ಇದೇ ಕೆಲಸವನ್ನು ಕಲ್ಪಿತ ದತ್ತಾಂಶದ ಮೇಲೆ SQL ಮತ್ತು Power BI ಬಳಸಿ ಮತ್ತೆ ಮಾಡಿದ್ದೇನೆ. ಅದರ ಕೊಂಡಿ ಕೆಳಗಿದೆ.
>
> ಖರೀದಿ, ಬಾಕಿ ವಸೂಲಿ ಅಥವಾ ತೆರಿಗೆಯ ದತ್ತಾಂಶವನ್ನು ನೋಡುವ Data Analyst ಹುದ್ದೆಯನ್ನು ಬಯಸುತ್ತೇನೆ. ಹುಬ್ಬಳ್ಳಿಯಲ್ಲಿ ನೆಲೆಸಿದ್ದೇನೆ, ತಿಂಗಳಿಗೆ ಒಂದು ವಾರ ಬೆಂಗಳೂರಿನ ಕಚೇರಿಗೆ ಬರಬಲ್ಲೆ.

ಕೊನೆಯ ಸಾಲಿನ ಬಗ್ಗೆ ಒಂದು ಮಾತು. ನಮ್ಮ ಕಡೆಯವರು ಊರಿನ ವಿಷಯವನ್ನು ಸಂದರ್ಶನದ ತನಕ ಮುಚ್ಚಿಡುವುದುಂಟು. ಬರಬಲ್ಲಿರೋ ಇಲ್ಲವೋ ಎಂಬುದನ್ನು ಮೊದಲೇ ಬರೆದರೆ ಕೆಲವು ಕರೆಗಳು ತಪ್ಪುತ್ತವೆ ನಿಜ. ಆದರೆ ತಪ್ಪುವುದು ಹೇಗೂ ಒಗ್ಗದೆ ಹೋಗುತ್ತಿದ್ದ ಕರೆಗಳೇ.

ಇಂಗ್ಲಿಷಿಗೆ ತರುವಾಗ ಈ ಕರಡನ್ನು ವಾಕ್ಯಕ್ಕೆ ವಾಕ್ಯ ಹಿಡಿದು ತನ್ನಿ. “ಜವಾಬ್ದಾರಿ ಹೊತ್ತಿದ್ದೆ” ಎಂಬ ಅರ್ಥದ ಮಾತು ಎಲ್ಲಿಯಾದರೂ ಸೇರಿಕೊಂಡಿದ್ದರೆ ಅದನ್ನು ಹೊಡೆದು, ಅಲ್ಲಿ ಮಾಡಿದ ಕೆಲಸದ ಕ್ರಿಯಾಪದವನ್ನು ಇಡಿ.

ಹಾಕಿದ ಮೇಲೆ ನೋಡಬೇಕಾದದ್ದು

ಪುಟವನ್ನು ಫೋನಿನಲ್ಲಿ ತೆರೆದು, ಒತ್ತದೆ ಕಾಣುವಷ್ಟು ಸಾಲುಗಳನ್ನು ಮಾತ್ರ ಲೆಕ್ಕಪತ್ರ ಗೊತ್ತಿಲ್ಲದ ಒಬ್ಬರಿಗೆ ಓದಿಸಿ, ಈ ಮನುಷ್ಯ ಏನು ಕೆಲಸ ಮಾಡುತ್ತಾರೆ ಎಂದು ಕೇಳಿ. “ಜಿಎಸ್‌ಟಿ ನೋಡುತ್ತಾರೆ” ಎಂಬ ಉತ್ತರ ಬಂದರೆ ಮೊದಲ ವಾಕ್ಯವನ್ನು ಮತ್ತೆ ಬರೆಯಬೇಕು. ನಮಗೆ ಮೊದಲ ಸಲ ಅದೇ ಉತ್ತರ ಬಂದಿತ್ತು, ಏಕೆಂದರೆ ಆಗ 2ಬಿಯ ಹೆಸರು ಮೊದಲ ಸಾಲಿನಲ್ಲಿಯೇ ಇತ್ತು. ಅದನ್ನು ಎರಡನೆಯ ಪರಿಚ್ಛೇದಕ್ಕೆ ಇಳಿಸಿದೆವು.

ಬಳಿಕ ಅನುಭವದ ಭಾಗವನ್ನು ನೋಡಿ. ಪರಿಚಯ ಬದಲಾಗಿ, ಅನುಭವದ ಕೆಳಗೆ ಹಳೆಯ ಜವಾಬ್ದಾರಿಗಳ ಪಟ್ಟಿಯೇ ಉಳಿದಿದ್ದರೆ, ಓದುವವರಿಗೆ ಎರಡು ಬೇರೆ ಮನುಷ್ಯರ ವಿವರ ಓದಿದಂತಾಗುತ್ತದೆ. ಈಗಿನ ಹುದ್ದೆಯ ಕೆಳಗಿನ ಮೊದಲ ಸಾಲು ನೀವು ಆರಿಸಿಕೊಂಡ ಅದೇ ಕೆಲಸವಾಗಿರಲಿ, ಅಂಕಿಗಳು ಎರಡೂ ಕಡೆ ಒಂದೇ ಆಗಿರಲಿ. ಬಯೋಡೇಟಾದಲ್ಲಿ 850 ಬಿಲ್ಲು, ಪುಟದಲ್ಲಿ 900 ಎಂದಿದ್ದರೆ, ಅಂಕಿಗಳನ್ನೇ ಕಸುಬಾಗಿಸಿಕೊಳ್ಳ ಹೊರಟವರಿಗೆ ಅದು ಸಣ್ಣ ತಪ್ಪಲ್ಲ.

ಆರು ವಾರಗಳ ನಂತರವೂ ಅಕೌಂಟೆಂಟ್ ಹುದ್ದೆಯ ಕರೆಗಳೇ ಬರುತ್ತಿದ್ದರೆ, ತೊಡಕು ಹೆಚ್ಚಾಗಿ ಶೀರ್ಷಿಕೆಯಲ್ಲಿ ಅಥವಾ ಕೌಶಲಗಳ ಪಟ್ಟಿಯಲ್ಲಿ ಇರುತ್ತದೆ. ಅಲ್ಲಿ ಟ್ಯಾಲಿ ಮತ್ತು ಟಿಡಿಎಸ್ ಮೇಲೆಯೇ ಉಳಿದಿವೆಯೇ ಎಂದು ನೋಡಿ ಕೆಳಗೆ ಸರಿಸಿ. ವಿಶ್ಲೇಷಣೆಯ ಹುದ್ದೆಯವರು ಕರೆ ಮಾಡಿ, ಮೊದಲ ಮಾತುಕತೆಯಲ್ಲೇ ಹಿಂದೆ ಸರಿಯುತ್ತಿದ್ದರೆ ಪರಿಚಯ ತನ್ನ ಕೆಲಸ ಮಾಡಿದೆ ಎಂದರ್ಥ. ಆಗ ತಿದ್ದಬೇಕಾದದ್ದು ಕಲ್ಪಿತ ದತ್ತಾಂಶದ ಮೇಲೆ ಮಾಡಿದ ಆ ಮಾದರಿಯನ್ನು. ನನ್ನ ಪರಿಚಿತರಿಗೆ ಆದದ್ದು ಈ ಎರಡನೆಯದು. ಬಿಲ್ಲಿನ ಸಂಖ್ಯೆಗಳೆಲ್ಲ ಒಂದೇ ರೂಪದಲ್ಲಿ ನೀಟಾಗಿದ್ದ ಕಡತದ ಮೇಲೆ ಅವರು ಮಾಡಿ ತೋರಿಸಿದ್ದರು. ತಮ್ಮ ನಿಜವಾದ ಕೌಶಲ ಇದ್ದದ್ದು ಆ ಗಲೀಜನ್ನು ಬಿಡಿಸುವುದರಲ್ಲಿ ಎಂಬುದು ಮಾದರಿಯಲ್ಲಿ ಕಾಣುತ್ತಲೇ ಇರಲಿಲ್ಲ. ಈಗ ಆ 200 ಸಾಲುಗಳಲ್ಲಿ 40ನ್ನು ಬೇಕೆಂದೇ ಕೆಡಿಸಿ, ಯಾವುದನ್ನು ಹೇಗೆ ಸರಿಪಡಿಸಿದರು, ಯಾವ ಮೂರು ಬಿಲ್ಲುಗಳನ್ನು ಕೊನೆಗೂ ಹೊಂದಿಸಲಾಗಲಿಲ್ಲ ಎಂಬ ಟಿಪ್ಪಣಿಯೊಂದಿಗೆ ಮತ್ತೆ ಹಾಕಿದ್ದಾರೆ.